ಮಂಟಪ ಕೇಳುವ ಪತ್ರ: ಮೂರು ತಾರೀಖುಗಳ ಲೆಕ್ಕ

ಬಡಾವಣೆಯ ನಿವಾಸಿಗಳ ಸಂಘವು ರಾಜ್ಯೋತ್ಸವಕ್ಕೆ ಕಲ್ಯಾಣ ಮಂಟಪ ಕೇಳಿ ಬರೆಯುವ ಪತ್ರದಲ್ಲಿ ತಾರೀಖಿನಷ್ಟು ಮುಖ್ಯವಾದದ್ದು ಬೇರಿಲ್ಲ. ಪತ್ರ ಕೈಸೇರಿದಾಗ ವ್ಯವಸ್ಥಾಪಕರು ಮೊದಲು ತೆರೆಯುವುದು ಬುಕಿಂಗ್ ಪುಸ್ತಕವನ್ನು. ಒಂದೇ ದಿನ ಕೇಳಿದ್ದರೆ ‘ಖಾಲಿ ಇಲ್ಲ’ ಎಂಬಲ್ಲಿಗೆ ಮಾತು ಮುಗಿಯಬಹುದು. ಸಂಘದವರು ಮತ್ತೆ ಸಭೆ ಸೇರಿ ಇನ್ನೊಂದು ದಿನ ಗೊತ್ತುಮಾಡುವಷ್ಟರಲ್ಲಿ ಅದೂ ಕೈತಪ್ಪಿರುತ್ತದೆ. ಪತ್ರದಲ್ಲೇ ಪರ್ಯಾಯ ದಿನಗಳನ್ನು ಕೊಡುವುದು ಈ ಕಾರಣಕ್ಕೆ.

ಆದರೆ ‘ಭಾನುವಾರ ಇಲ್ಲದಿದ್ದರೆ ಶನಿವಾರ ಸಂಜೆ’ ಎಂದು ಬರೆದರೆ ಅದು ಹೆಸರಿಗಷ್ಟೇ ಪರ್ಯಾಯ. ಮದುವೆಯವರಿಗೆ ಮಂಟಪ ಸಿಗುವುದು ಸಾಮಾನ್ಯವಾಗಿ ಹಿಂದಿನ ದಿನದ ಸಂಜೆಯಿಂದ. ಶನಿವಾರ ಆರತಕ್ಷತೆ, ಭಾನುವಾರ ಮುಹೂರ್ತ. ಒಂದು ಮದುವೆ ಗೊತ್ತಾದರೆ ಎರಡೂ ದಿನ ಒಟ್ಟಿಗೇ ಹೋಗುತ್ತವೆ. ಆದ್ದರಿಂದ ಕೇಳುವ ದಿನಗಳು ಬೇರೆ ಬೇರೆ ವಾರಗಳಲ್ಲಿರಬೇಕು, ಒಂದಾದರೂ ವಾರದ ನಡುವಿನ ಸಂಜೆಯಾಗಿದ್ದರೆ ಇನ್ನೂ ಒಳ್ಳೆಯದು.

2026ರ ನವೆಂಬರ್ ತೆಗೆದುಕೊಳ್ಳಬಹುದು. 1ನೇ ತಾರೀಖು ಭಾನುವಾರವೇ ಬರುವುದರಿಂದ ಅದು ಮೊದಲ ಆಯ್ಕೆ. ಬೇರೆ ಸಂಘಗಳ ಕಣ್ಣೂ ಅದರ ಮೇಲೆಯೇ ಇರುತ್ತದೆ. ಮುಂದಿನ ಭಾನುವಾರ ದೀಪಾವಳಿ. ಮಂಟಪ ಸಿಕ್ಕೀತು, ಅರ್ಧ ಬಡಾವಣೆ ಊರಿಗೆ ಹೋಗಿರುತ್ತದೆ. 22ರ ಹೊತ್ತಿಗೆ ತುಳಸಿ ಹಬ್ಬ ಕಳೆದು ಮದುವೆಗಳ ಭರಾಟೆ ಶುರುವಾಗಿರುತ್ತದೆ. ಉಳಿಯುವುದು 15ರ ಭಾನುವಾರ. ಅದರ ಬೆನ್ನಿಗೆ, 18ರ ಬುಧವಾರದ ಸಂಜೆ. ಪತ್ರದ ಒಡಲು ಹೀಗಿದ್ದರೆ ಸಾಕು:

“ಮಾನ್ಯರೇ, ನಮ್ಮ ಸಂಘದ ರಾಜ್ಯೋತ್ಸವ ಕಾರ್ಯಕ್ರಮಕ್ಕೆ ತಮ್ಮ ಮಂಟಪದ ಸಭಾಂಗಣ ಹಾಗೂ ಊಟದ ಹಾಲ್ ಬೇಕಾಗಿದೆ. ಸುಮಾರು 250 ಜನ ಸೇರುತ್ತಾರೆ. ನಮ್ಮ ಆದ್ಯತೆಯಂತೆ ದಿನಗಳು: (1) ನವೆಂಬರ್ 1, ಭಾನುವಾರ, ಬೆಳಿಗ್ಗೆ 8ರಿಂದ ಮಧ್ಯಾಹ್ನ 3, (2) ನವೆಂಬರ್ 15, ಭಾನುವಾರ, ಅದೇ ವೇಳೆ, (3) ನವೆಂಬರ್ 18, ಬುಧವಾರ, ಸಂಜೆ 4ರಿಂದ 10. ಖಾಲಿ ಇರುವ ದಿನವನ್ನೂ ಅದರ ಬಾಡಿಗೆಯನ್ನೂ ತಿಳಿಸಿ, ಆಗಸ್ಟ್ 20ರವರೆಗೆ ಆ ದಿನವನ್ನು ಬೇರೆಯವರಿಗೆ ಕೊಡದೆ ಇಡಬೇಕೆಂದು ಕೋರುತ್ತೇವೆ. ಅಷ್ಟರೊಳಗೆ ಮುಂಗಡ ಕಟ್ಟುತ್ತೇವೆ.”

ತಾರೀಖಿನ ಪಕ್ಕದಲ್ಲಿ ವಾರವನ್ನೂ ಬರೆಯುವುದು ಅಲಂಕಾರಕ್ಕಲ್ಲ. ಎರಡೂ ತಾಳೆಯಾಗದಿದ್ದರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಕಾರ್ಯಕ್ರಮ ಬೆಳಿಗ್ಗೆ 10ಕ್ಕಿದ್ದರೂ ಮಂಟಪವನ್ನು 8ಕ್ಕೇ ಕೇಳಬೇಕು. ಕುರ್ಚಿ ಹಾಕುವುದು, ಮೈಕ್ ಜೋಡಿಸುವುದು, ಅಡುಗೆಯವರು ಒಲೆ ಹಚ್ಚುವುದು ಎಲ್ಲವೂ ಆ ವೇಳೆಯೊಳಗೇ ಆಗಬೇಕು. ಸಂಜೆಯ ಕಾರ್ಯಕ್ರಮಕ್ಕೆ 10 ಗಂಟೆಯ ಗಡಿ ಹಾಕುವುದಕ್ಕೂ ಕಾರಣವಿದೆ: 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ಸಾಮಾನ್ಯವಾಗಿ ಅವಕಾಶವಿಲ್ಲ.

ವ್ಯವಸ್ಥಾಪಕರು ಬಾಯಿಮಾತಿನಲ್ಲಿ ‘ಆಯ್ತು ಸಾರ್, ಇಟ್ಟಿರ್ತೀವಿ’ ಎಂದರೆ ದಿನ ಖಚಿತವಾಯಿತೆಂದು ತಿಳಿಯುವಂತಿಲ್ಲ. ಮುಂಗಡದ ರಸೀದಿಯಲ್ಲಿ ತಾರೀಖು, ವೇಳೆ ಎರಡೂ ಇರಬೇಕು. ಸ್ವಚ್ಛತೆ, ಜನರೇಟರ್, ವಿದ್ಯುತ್ತಿನ ಖರ್ಚು ಬಾಡಿಗೆಯೊಳಗೇ ಸೇರಿದೆಯೇ ಎಂಬುದನ್ನೂ ಬರೆಸಿಕೊಳ್ಳಬೇಕು. ಆಹ್ವಾನ ಪತ್ರಿಕೆ ಅಚ್ಚಿಗೆ ಹೋಗುವುದು ರಸೀದಿ ಬಂದ ಮೇಲೆ.