‘ಹದಿನಾಲ್ಕು ತಿಂಗಳು ಏನ್ಮಾಡ್ತಿದ್ದೆ?’

ಅರಕೆರೆ: “ಏನ್ಲಾ ಮಗ, ಡಿಗ್ರಿ ಮುಗ್ದು ವರ್ಷದ ಮೇಲಾತು, ಇನ್ನೂ ಕೆಲ್ಸ ಸಿಕ್ಕಿಲ್ವಾ?” ಬಸ್ ಸ್ಟಾಂಡಿನಲ್ಲಿ ಹಿರಿಯರು ಕೇಳುವ ಪ್ರಶ್ನೆಗೆ ನಕ್ಕು ಜಾರಿಕೊಳ್ಳಬಹುದು. ಇದೇ ಪ್ರಶ್ನೆಯನ್ನು ಮೈಸೂರಿನ ಸಂದರ್ಶನದಲ್ಲಿ ಕೇಳಿದರೆ ಜಾರುವುದೆಲ್ಲಿಗೆ?

ಇಲ್ಲಿನ ಬಿ.ಕಾಂ. ಹುಡುಗನೊಬ್ಬನಿಗೆ ಎರಡು ಕಡೆ ಹೀಗೇ ಆಯಿತು. “ಮನೇಲಿದ್ದು ಓದ್ಕೊತಿದ್ದೆ ಸಾರ್” ಅಂದ. ಅಲ್ಲಿಗೆ ಮಾತು ಮುಗಿಯಿತು. ಗೆಳೆಯನೊಬ್ಬ, “ಯಾವ್ದಾದ್ರೂ ಕಂಪೆನಿ ಅನುಭವದ ಪತ್ರ ಮಾಡ್ಸಿಬಿಡು” ಎಂದು ಉಪದೇಶ ಕೊಟ್ಟ. ಸದ್ಯ, ಹುಡುಗ ಕೇಳಲಿಲ್ಲ. ಭವಿಷ್ಯ ನಿಧಿ ಕಟ್ಟುವ ಕಂಪೆನಿಯಲ್ಲಿ ದುಡಿದವನಿಗೆ ಯುಎಎನ್ ಎಂಬ ಸಂಖ್ಯೆ ಇರುತ್ತದೆ. ಸೇರಿದ, ಬಿಟ್ಟ ತಾರೀಕು ಅದರಲ್ಲೇ ದಾಖಲು. ವರ್ಷದ ಅನುಭವವಿದೆಯೆನ್ನುವವನ ಬಳಿ ಆ ಸಂಖ್ಯೆಯೇ ಇಲ್ಲದಿದ್ದರೆ ಅನುಮಾನ ಏಳುವುದು ಅಲ್ಲೇ.

ಮೂರನೇ ಸಲ ಹೋಗುವ ಮುಂಚೆ ಅವನು ತಿಂಗಳುಗಳ ಲೆಕ್ಕ ಬರೆದ. ಬ್ಯಾಂಕ್ ಪರೀಕ್ಷೆಗೆ ಓದಿ ಫೇಲಾದದ್ದು 3 ತಿಂಗಳು. ಅಪ್ಪನಿಗೆ ಕಾಯಿಲೆಯಾಗಿ ಗದ್ದೆ ನೋಡಿಕೊಂಡದ್ದು 2. ಐಐಟಿಗಳು ಸೇರಿ ನಡೆಸುವ ಎನ್‌ಪಿಟಿಇಎಲ್‌ನಲ್ಲಿ 12 ವಾರದ ಲೆಕ್ಕಪತ್ರ ಪಾಠ, ಪರೀಕ್ಷೆ ಸೇರಿ 4. ಪರಿಚಯದ ದಿನಸಿ ಅಂಗಡಿಯ ಉದ್ರಿ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸಿದ್ದು 3. ಅರ್ಜಿ ಹಾಕಿ ಕಾದದ್ದು 2. ಒಟ್ಟು 14. ಫೇಲಾದದ್ದನ್ನೂ ಮುಚ್ಚಿಡಲಿಲ್ಲ.

ಆ ಪಾಠ ಕೇಳಲು ಕಾಸಿಲ್ಲ. ಪರೀಕ್ಷೆಗೆ ಮಾತ್ರ ಫೀಸು. ನಿಗದಿತ ಕೇಂದ್ರಕ್ಕೇ ಹೋಗಿ ಬರೆಯಬೇಕು. ಅದಕ್ಕೆ 75 ಅಂಕ, ವಾರವಾರದ ಅಭ್ಯಾಸಕ್ಕೆ 25. ಆದ್ದರಿಂದಲೇ, ಬರೀ ವೀಡಿಯೋ ನೋಡಿದ್ದಕ್ಕೆ ಕೊಡುವ ಪತ್ರಕ್ಕಿಂತ ಇದಕ್ಕೆ ತೂಕ ಜಾಸ್ತಿ.

ಆದರೂ ಸಂದರ್ಶನದಲ್ಲಿ ಕೇಳಿದ್ದು ಪತ್ರದ ವಿಷಯವನ್ನಲ್ಲ, ಅಂಗಡಿಯದನ್ನು! “ಎಲ್ಲಿ ಎಡವಿದೆ?” ಅಂದರು. ಒಂದೇ ಹೆಸರಿನ ಇಬ್ಬರು ಗಿರಾಕಿಗಳಿದ್ದರು. ಒಬ್ಬರ ಸಾಲ ಇನ್ನೊಬ್ಬರ ತಲೆಗೆ ಬಿದ್ದಿತ್ತು. ತಿಂಗಳ ಕೊನೆಗೆ ಒಟ್ಟು ಮೊತ್ತವೇನೋ ಪುಸ್ತಕಕ್ಕೆ ಸರಿಹೊಂದಿತು, ಆದರೆ ಗಿರಾಕಿಯೊಬ್ಬರು “ನಾನ್ ಇಷ್ಟ್ ತಗಂಡೇ ಇಲ್ಲ ಕಣಯ್ಯ” ಎಂದು ಜಗಳಕ್ಕೆ ಬಂದಾಗ ತಪ್ಪು ಗೊತ್ತಾಯಿತು. ಆಮೇಲೆ ಪ್ರತಿಯೊಬ್ಬರಿಗೂ ನಂಬರು ಕೊಟ್ಟು, ಹೆಸರಿನ ಬದಲು ನಂಬರಿನ ಮೇಲೆ ಲೆಕ್ಕ ಕೂಡಿಸಿದ. ಒಟ್ಟು ಸರಿಯಿದ್ದ ಮಾತ್ರಕ್ಕೆ ಲೆಕ್ಕ ಸರಿಯಲ್ಲ ಎಂಬುದನ್ನು ಕಲಿತದ್ದು ಅಲ್ಲೇ. ಮಾಡಿ ನೋಡಿದವನಿಗೆ ಮಾತ್ರ ಹೀಗೆ ಹೇಳಲು ಬರುತ್ತದೆ. ನಕಲು ಹೊಡೆದವನು ಈ ಪ್ರಶ್ನೆಗೆ ತಡವರಿಸುತ್ತಾನೆ.

ಇದೇನೂ ಮಂತ್ರದಂಡವಲ್ಲ. ಪಾಸಾದ ವರ್ಷ ನೋಡಿಯೇ ಅರ್ಜಿ ಬದಿಗಿಡುವ ಕಂಪೆನಿಗಳಿವೆ. ಅಲ್ಲಿ ಮಾತಾಡಲು ಅವಕಾಶವೇ ಸಿಗದು. ಈ ಹುಡುಗನಿಗೆ ಸಿಕ್ಕಿರುವುದೂ ಆರು ತಿಂಗಳ ಪರೀಕ್ಷಾರ್ಥ ಗುಮಾಸ್ತೆ ಕೆಲಸವೇ. ಬೆಳಗಿನ ಬಸ್ಸಿಗೆ ಓಡುತ್ತಾನೆ.

ಅಂಗಡಿಯ ಯಜಮಾನರಿಗೆ ಈಗ ಬೇರೆಯೇ ಚಿಂತೆ: “ಇನ್ಮೇಲೆ ನಮ್ ಉದ್ರಿ ಲೆಕ್ಕ ಬರ್ಯೋರ್ ಯಾರಪ್ಪಾ?”