ಕೇಸ್‌ನಿಂದ ಎತ್ತಿದರೂ ಆನ್ ಆಗದ ಇಯರ್‌ಬಡ್

ಇಂದಿನ ಬಹುತೇಕ ವೈರ್‌ಲೆಸ್ ಇಯರ್‌ಬಡ್‌ಗಳಿಗೆ ಪವರ್ ಬಟನ್ ಇಲ್ಲ. ಕೇಸ್‌ನಿಂದ ಎತ್ತಿದ ಕೂಡಲೇ ತಾವಾಗಿಯೇ ಆನ್ ಆಗಿ ಫೋನಿಗೆ ಕನೆಕ್ಟ್ ಆಗುತ್ತವೆ. ಹೊರಗೆ ಬಂದದ್ದು ಅವಕ್ಕೆ ಗೊತ್ತಾಗುವುದು ಹೇಗೆ?

ಹಲವು ಮಾದರಿಗಳ ಮುಚ್ಚಳದಲ್ಲಿ ಪುಟ್ಟ ಅಯಸ್ಕಾಂತ, ಕೇಸ್‌ನ ಒಳಗೆ ಹಾಲ್ ಸೆನ್ಸರ್ ಇರುತ್ತದೆ. ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ಪರಿಣಾಮವೇ ಇದರ ಆಧಾರ. ಮುಚ್ಚಳ ತೆರೆದಾಗ ಅಯಸ್ಕಾಂತ ದೂರವಾಗುತ್ತದೆ, ಸೆನ್ಸರ್ ಅದನ್ನು ಗುರುತಿಸಿ ಕೇಸನ್ನು ಎಚ್ಚರಿಸುತ್ತದೆ. ಇನ್ನೊಂದು ಸುಳಿವು ಚಾರ್ಜಿಂಗ್ ಪಿನ್‌ಗಳದ್ದು. ಸ್ಪ್ರಿಂಗ್ ಇರುವ ಈ ಪಿನ್‌ಗಳು ಬಡ್‌ನ ಲೋಹದ ಚುಕ್ಕೆಗಳಿಗೆ ಒತ್ತಿಕೊಂಡು ಸುಮಾರು 5 ವೋಲ್ಟ್ ಕೊಡುತ್ತವೆ. ಬಡ್ ಎತ್ತಿದಾಗ ಆ ಸಂಪರ್ಕ ಕಡಿಯುತ್ತದೆ. ಅದೇ ಆನ್ ಆಗಲು ಸೂಚನೆ.

ಹೀಗಾಗಿ ತೊಂದರೆ ಬಂದಾಗ ಮೊದಲು ನೋಡಬೇಕಾದದ್ದು, ಕೈಕೊಟ್ಟಿರುವುದು ಒಂದು ಬಡ್ಡೋ ಎರಡೂನೋ ಎಂಬುದನ್ನು. ಎರಡೂ ಆನ್ ಆಗದಿದ್ದರೆ ಅನುಮಾನ ಕೇಸ್‌ನ ಮೇಲೆ. ಅದರ ಚಾರ್ಜ್ ಮುಗಿದಿರಬಹುದು. ಚಾರ್ಜ್ ಮಾಡಿದ ಮೇಲೂ ಮುಚ್ಚಳ ತೆರೆದಾಗ ದೀಪ ಹೊತ್ತದಿದ್ದರೆ ಸೆನ್ಸರ್ ಕೆಟ್ಟಿರಬಹುದು. ಆದರೆ ಕೇಸ್‌ಗೆ ಹಾಕಿದ ಕವರ್‌ನಲ್ಲಿ ಅಯಸ್ಕಾಂತದ ಗುಂಡಿ ಇದ್ದರೆ ಮುಚ್ಚಳ ಇನ್ನೂ ಮುಚ್ಚಿದೆ ಎಂದೇ ಸೆನ್ಸರ್ ತಿಳಿದೀತು. ಆದ್ದರಿಂದ ಕವರ್ ತೆಗೆದು ಮತ್ತೊಮ್ಮೆ ನೋಡಬೇಕು.

ಒಂದೇ ಬಡ್ ಸತ್ತಂತಿದ್ದರೆ ಕಾರಣ ಹೆಚ್ಚಾಗಿ ಕೊಳೆ. ದಿನವೂ ಬಡ್ ಹಾಕಿಕೊಂಡು ಓಡುವವರೊಬ್ಬರ ಉದಾಹರಣೆ ನೋಡಿ. ಬೆವರು ಒರೆಸದೆ ಅವರು ಬಡ್‌ಗಳನ್ನು ಕೇಸ್‌ಗೆ ಹಾಕುತ್ತಾರೆ. ಬೆವರಿನಲ್ಲಿ ಉಪ್ಪಿದೆ, ಪಿನ್‌ನಲ್ಲಿ ವಿದ್ಯುತ್ ಇದೆ. ಎರಡೂ ಸೇರಿ ಲೋಹವನ್ನು ಕೊರೆಯುತ್ತವೆ. ಕೆಲವು ತಿಂಗಳಲ್ಲಿ ಬಲಗಡೆಯ ಚುಕ್ಕೆ ಕಪ್ಪಾಗಿ ಅಥವಾ ಹಸಿರಾಗಿ, ರಾತ್ರಿಯಿಡೀ ಕೇಸ್‌ನಲ್ಲಿದ್ದರೂ ಆ ಬಡ್ ಚಾರ್ಜ್ ಆಗುವುದಿಲ್ಲ. ಬೆಳಿಗ್ಗೆ ಎತ್ತಿದರೆ ಎಡಗಡೆಯದು ಮಾತ್ರ ಹಾಡುತ್ತದೆ. ಬಡ್ಡನ್ನು ಕೇಸ್‌ನಲ್ಲಿಟ್ಟು ಬೆರಳಿನಿಂದ ಮೆಲ್ಲಗೆ ಒತ್ತಿದಾಗ ದೀಪ ಹೊತ್ತಿದರೆ, ಅಥವಾ ಫೋನಿನಲ್ಲಿ ಚಾರ್ಜಿಂಗ್ ಎಂದು ಕಂಡರೆ, ದೋಷ ಸಂಪರ್ಕದಲ್ಲೇ ಇದೆ. ದೊಡ್ಡ ಗಾತ್ರದ ಸಿಲಿಕೋನ್ ತುದಿ ಬಡ್ಡನ್ನು ಮೇಲಕ್ಕೆತ್ತಿದಾಗಲೂ ಹೀಗಾಗುತ್ತದೆ.

ಸ್ವಚ್ಛಗೊಳಿಸಲು ಹತ್ತಿಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ತುಸು ತೇವ ಮಾಡಿ ಪಿನ್ ಮತ್ತು ಚುಕ್ಕೆಗಳನ್ನು ಒರೆಸಿ, ಪೂರ್ತಿ ಒಣಗಲು ಬಿಡಿ. ಪಿನ್ ಒಳಗೇ ಸಿಕ್ಕಿಕೊಂಡಿದ್ದರೆ ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಒತ್ತಿ ಬಿಟ್ಟು ನೋಡಿ. ಉಪ್ಪುಕಾಗದದಿಂದ ಉಜ್ಜಬೇಡಿ. ಚಿನ್ನದ ತೆಳು ಲೇಪ ಹೋದರೆ ಕೆಳಗಿನ ಲೋಹ ಇನ್ನೂ ಬೇಗ ಕೆಡುತ್ತದೆ.

ಒರೆಸಿದ ಮೇಲೂ ಚಾರ್ಜ್ ಆಗದಿದ್ದರೆ ಪಿನ್ ಸವೆದಿದೆ ಇಲ್ಲವೇ ಬಡ್‌ನ ಬ್ಯಾಟರಿ ಮುಗಿದಿದೆ. ಅಂಟಿಸಿ ಮುಚ್ಚಿರುವ ಬಡ್ಡನ್ನು ಮನೆಯಲ್ಲಿ ಬಿಚ್ಚುವ ಬದಲು ವಾರಂಟಿ ಇರುವಾಗಲೇ ಸರ್ವಿಸ್ ಸೆಂಟರ್‌ಗೆ ಕೊಂಡೊಯ್ಯಿರಿ.