ಅತ್ತೆಯ ಹುಟ್ಟುಹಬ್ಬಕ್ಕೆ ಸೊಸೆಯ ನಾಲ್ಕು ಸಾಲು

ಶುಭಾಶಯದ ಪೋಸ್ಟಿನಲ್ಲಿ ‘ಅತ್ತೆ ನನಗೆ ತಾಯಿಗಿಂತ ಹೆಚ್ಚು’ ಎಂದು ಬರೆದರೆ ಓದಿದವರು ನಂಬುವುದಿಲ್ಲ; ತವರಿನಲ್ಲಿ ಅಮ್ಮನೂ ಮುನಿಸಿಕೊಂಡಾಳು. ಅತ್ತೆಯವರದ್ದೇ ಆದ ಒಂದೆರಡು ಅಭ್ಯಾಸ ಹಿಡಿದರೆ ಸಾಕು. ಹೀಗೆ:

‘ಅತ್ತೆ, ಹುಟ್ಟುಹಬ್ಬದ ಶುಭಾಶಯಗಳು. ಸಾರಿಗೆ ಉಪ್ಪೆಷ್ಟು ಅಂದರೆ ಇವತ್ತಿಗೂ “ಕಣ್ಣಳತೆ” ಅಂತೀರಿ. ನಿಮ್ಮ ಕಣ್ಣು ನನಗೆಲ್ಲಿಂದ ಬರಬೇಕು? ನಾನು ತಡವಾಗಿ ಬಂದ ದಿನ ಊಟ ಮುಚ್ಚಿಟ್ಟು, ನಿದ್ದೆ ಬರಲಿಲ್ಲ ಅಂತ ಸುಳ್ಳು ಹೇಳಿ ಕೂತಿರುತ್ತೀರಲ್ಲ, ಅದಕ್ಕೆ ನಮಸ್ಕಾರ. ನೂರು ಕಾಲ ಚೆನ್ನಾಗಿರಿ.’

ಇಲ್ಲಿ ನಗೆಗೆ ಸಿಕ್ಕಿದ್ದು ಸೊಸೆಯ ಅಡುಗೆ, ಅತ್ತೆಯ ವಯಸ್ಸಲ್ಲ. ಮಂಡಿನೋವು, ಗೊರಕೆ, ಧಾರಾವಾಹಿಯ ಹುಚ್ಚು ಮನೆಯೊಳಗೇ ಇರಲಿ. ಪೋಸ್ಟನ್ನು ನಾದಿನಿಯ ಅತ್ತೆಮನೆಯವರೂ ಓದುತ್ತಾರೆ. ಫೋಟೊ ಮಾತ್ರ ಅವರೇ ಒಪ್ಪಿದ್ದನ್ನು ಹಾಕಿ.